ನಾವು ಹೇಳುವ ಮೊದಲೇ ಊರು ಹೇಳಿದಾಗ

ತುಮಕೂರು ಸೀಮೆಯ ಒಂದು ತಾಲ್ಲೂಕು ಕೇಂದ್ರ ಎಂದುಕೊಳ್ಳೋಣ. ಊರ ಅಂಚಿನಲ್ಲಿ ಪದವಿ ಕಾಲೇಜು, ಅಲ್ಲಿಂದ ಹತ್ತು ನಿಮಿಷ ನಡೆದರೆ ಬಸ್ ಸ್ಟ್ಯಾಂಡು, ನಡುವೆ ಎರಡು ಜೆರಾಕ್ಸ್ ಅಂಗಡಿ, ಒಂದು ಜ್ಯೂಸ್ ಅಂಗಡಿ. ಬಿ.ಕಾಂ. ಎರಡನೇ ವರ್ಷದ ಹುಡುಗಿಗೂ ಕೊನೆಯ ವರ್ಷದ ಹುಡುಗನಿಗೂ ಮಾತು ಬೆಳೆದು ಒಂದೂವರೆ ತಿಂಗಳಾಗಿದೆ. ಇಷ್ಟ ಎಂದು ಒಬ್ಬರಿಗೊಬ್ಬರು ಹೇಳಿಕೊಂಡಿದ್ದಾರೆ. ಮುಂದೇನು ಎಂಬುದು ಇಬ್ಬರಿಗೂ ಗೊತ್ತಿಲ್ಲ, ಗೊತ್ತಾಗುವ ಅವಸರವೂ ಇಲ್ಲ.

ಒಂದು ಮಂಗಳವಾರ ಸಂಜೆ ಅವರಿಬ್ಬರೂ ಅವಳ ಗೆಳತಿಯೂ ಜ್ಯೂಸ್ ಕುಡಿಯುತ್ತ ನಿಂತಿದ್ದರು. ಹೊರಡುತ್ತಿದ್ದ ಬಸ್ಸಿನ ಕಿಟಕಿಯಿಂದ ಸಹಪಾಠಿಯೊಬ್ಬ ಫೋಟೊ ತೆಗೆದ. ಗೆಳತಿ ಇದ್ದ ಭಾಗವನ್ನು ಕತ್ತರಿಸಿ, ‘ಪಾರ್ಟಿ ಯಾವಾಗ?’ ಎಂದು ಬರೆದು ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ರಾತ್ರಿ ಒಂಬತ್ತಕ್ಕೆ ಅದು ಸೀನಿಯರ್‌ಗಳ ಗುಂಪಿನಲ್ಲಿತ್ತು. ಬುಧವಾರ ಬೆಳಗ್ಗೆ ಕ್ಲಾಸಿಗೆ ಕಾಲಿಟ್ಟಾಗ ಹಿಂದಿನ ಬೆಂಚಿನಿಂದ ಅವನ ಹೆಸರು ಕೂಗಿದರು. ಗುರುವಾರ ಮಧ್ಯಾಹ್ನ ಸುದ್ದಿ ಗೊಬ್ಬರದ ಅಂಗಡಿ ಇಟ್ಟಿರುವ ಅವಳ ಚಿಕ್ಕಪ್ಪನ ಕಿವಿ ಮುಟ್ಟಿತು. ಅಷ್ಟರಲ್ಲಿ ಜ್ಯೂಸ್ ಅಂಗಡಿ ಹೋಗಿ ತುಮಕೂರಿನ ಸಿನಿಮಾ ಥಿಯೇಟರ್ ಆಗಿತ್ತು. ಹುಡುಗ ಯಾವ ಜಾತಿ ಎಂಬುದೂ ಸೇರಿಕೊಂಡಿತ್ತು.

ಇದು ಒಬ್ಬರ ಕಥೆಯಲ್ಲ, ಹಲವರಿಗೆ ಆಗುವುದನ್ನು ಒಂದೆಡೆ ತಂದು ಕಟ್ಟಿದ ಉದಾಹರಣೆ. ಇಂಥ ಹೊತ್ತಿನಲ್ಲಿ ಹುಡುಗ–ಹುಡುಗಿ ಇಬ್ಬರೂ ಮೊದಲು ಊರಿನ ಬಾಯಿ ಮುಚ್ಚಿಸಲು ಓಡುತ್ತಾರೆ. ಅದು ಆಗುವ ಕೆಲಸವಲ್ಲ. ಆಗುವ ಕೆಲಸ ಬೇರೆ ಇದೆ. ನಿಮ್ಮ ಓದು, ಓಡಾಟ, ಮದುವೆಯ ಬಗ್ಗೆ ತೀರ್ಮಾನ ಮಾಡಬಲ್ಲವರು ಮನೆಯಲ್ಲಿ ಒಬ್ಬಿಬ್ಬರೇ ಇರುತ್ತಾರೆ. ಊರಿನ ಮಾತು ಅವರನ್ನು ಮುಟ್ಟುವ ಮೊದಲು ನಿಮ್ಮ ಮಾತು ಮುಟ್ಟಬೇಕು. ಮಂಗಳವಾರ ಸಂಜೆಯಿಂದ ಗುರುವಾರ ಮಧ್ಯಾಹ್ನದವರೆಗಿನ ಹೊತ್ತು ಇರುವುದು ಅದಕ್ಕೆ.

ಸುದ್ದಿ ಏಕೆ ಬೆಳೆಯುತ್ತದೆ

ಗಾಳಿಮಾತಿನ ಮೇಲೆ ನಡೆದ ಮೊದಮೊದಲ ಗಂಭೀರ ಅಧ್ಯಯನಗಳಲ್ಲಿ ಒಂದು ನಮ್ಮ ದೇಶದ್ದೇ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಹಬ್ಬಿದ ಸುದ್ದಿಗಳನ್ನು ಮನಶ್ಶಾಸ್ತ್ರಜ್ಞ ಜಮುನಾ ಪ್ರಸಾದ್ ಸಂಗ್ರಹಿಸಿ ಮರುವರ್ಷ ಪ್ರಕಟಿಸಿದರು. ಮುಂದೆ 1947ರಲ್ಲಿ ಅಮೆರಿಕದ ಗೋರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಇದೇ ವಿಷಯದ ಮೇಲೆ ಪುಸ್ತಕ ಬರೆದರು. ಅವರು ಹೇಳಿದ್ದರ ಸಾರ ಇಷ್ಟು: ಸುದ್ದಿ ಹಬ್ಬಬೇಕಾದರೆ ಎರಡು ಬೇಕು. ವಿಷಯ ಕೇಳುವವರಿಗೆ ಮುಖ್ಯವಾಗಿರಬೇಕು, ಮತ್ತು ಅದರಲ್ಲಿ ಏನೋ ಅಸ್ಪಷ್ಟವಾಗಿ ಉಳಿದಿರಬೇಕು. ಎರಡರಲ್ಲಿ ಒಂದು ಇಲ್ಲವಾದರೂ ಸುದ್ದಿ ನಿಲ್ಲುತ್ತದೆ.

ಸಣ್ಣ ಊರಿನಲ್ಲಿ ಒಂದು ಹುಡುಗಿ ಯಾರೊಡನೆ ನಿಂತಿದ್ದಳು ಎಂಬುದನ್ನು ಅಮುಖ್ಯ ಮಾಡುವುದು ನಿಮ್ಮ ಕೈಯಲ್ಲಿಲ್ಲ. ಅವಳ ಅಪ್ಪನನ್ನು ಬಲ್ಲವರು, ಅವನ ಮಾವನ ಹತ್ತಿರ ಟ್ರ್ಯಾಕ್ಟರ್ ಬಾಡಿಗೆಗೆ ಪಡೆದವರು ಅಲ್ಲೇ ಇರುತ್ತಾರೆ. ಆದರೆ ಅಸ್ಪಷ್ಟತೆಯನ್ನು ಕಡಿಮೆ ಮಾಡಲು ಸಾಧ್ಯ. ‘ಇದೆಯೋ, ಇಲ್ಲವೋ’ ಎಂಬ ಪ್ರಶ್ನೆ ಇರುವವರೆಗೆ ಪ್ರತಿಯೊಬ್ಬರಿಗೂ ತಾನೇ ಪತ್ತೆ ಹಚ್ಚುವ ಉಮೇದು ಇರುತ್ತದೆ. ಉತ್ತರ ಸಿಕ್ಕಿತು, ಅದು ಸಪ್ಪೆಯಾಗಿದೆ ಎಂದಾದರೆ ಮುಂದೆ ಹೇಳುವವನಿಗೆ ಹೇಳಲು ಹೊಸದೇನೂ ಇರುವುದಿಲ್ಲ.

ಆಲ್‌ಪೋರ್ಟ್, ಪೋಸ್ಟ್‌ಮನ್ ಇನ್ನೊಂದು ಪ್ರಯೋಗವನ್ನೂ ಮಾಡಿದ್ದರು. ಒಬ್ಬನಿಗೆ ಚಿತ್ರ ತೋರಿಸಿ, ಅದನ್ನು ನೋಡದ ಇನ್ನೊಬ್ಬನಿಗೆ ವಿವರಿಸಲು ಹೇಳುವುದು, ಅವನು ಮತ್ತೊಬ್ಬನಿಗೆ ಹೇಳುವುದು. ಐದಾರು ಬಾಯಿ ದಾಟುವಷ್ಟರಲ್ಲಿ ಶೇಕಡಾ 70ರಷ್ಟು ವಿವರ ಉದುರಿಹೋಗುತ್ತಿತ್ತು. ಉಳಿದ ಒಂದೆರಡು ವಿವರ ದೊಡ್ಡದಾಗುತ್ತಿತ್ತು, ಹೇಳುವವರ ಮನಸ್ಸಿನಲ್ಲಿ ಮೊದಲೇ ಇದ್ದ ನಂಬಿಕೆಗೆ ತಕ್ಕ ಹಾಗೆ ತಿರುಗುತ್ತಿತ್ತು. ನಮ್ಮ ಉದಾಹರಣೆಯಲ್ಲಿ ಮೂರೂ ಆದವು: ಗೆಳತಿ ಮಾಯವಾದಳು, ಜ್ಯೂಸ್ ಸಿನಿಮಾ ಆಯಿತು, ಜಾತಿ ಬಂದು ಕೂತಿತು. ಹಾಗಾಗಿ ಚಿಕ್ಕಪ್ಪನಿಗೆ ಸುದ್ದಿ ಮುಟ್ಟಿಸಿದವನು ಬೇಕೆಂದೇ ಸುಳ್ಳು ಹೇಳಿದ ಎಂದು ತಿಳಿಯಬೇಕಿಲ್ಲ. ಅವನಿಗೆ ಬಂದದ್ದೇ ಹಾಗೆ. ಯಾರು ಎಷ್ಟು ಸೇರಿಸಿದರು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗುವುದು ಈ ಕಾರಣಕ್ಕೇ ವ್ಯರ್ಥ.

ಮೊದಲ ಸಂಜೆ: ಇಬ್ಬರ ನಡುವಿನ ಮಾತು

ಫೋಟೊ ಗುಂಪಿಗೆ ಬಿದ್ದ ಸಂಜೆ ಇಬ್ಬರೂ ಮಾತಾಡಿಕೊಳ್ಳಬೇಕು. ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಒಬ್ಬಳು ಹೆದರಿ ಅವನನ್ನು ಬ್ಲಾಕ್ ಮಾಡುತ್ತಾಳೆ, ಇನ್ನೊಬ್ಬ ಗೆಳೆಯರ ಮುಂದೆ ಮುಗುಳ್ನಕ್ಕು ಸುಮ್ಮನಾಗುತ್ತಾನೆ. ಬೆಳಗಾಗುವುದರೊಳಗೆ ಅವಳು ‘ಅಂಥದ್ದೇನೂ ಇಲ್ಲ’ ಎಂದಿರುತ್ತಾಳೆ, ಅವನ ನಗು ‘ಇದೆ’ ಎಂದು ಹೇಳಿರುತ್ತದೆ. ಎರಡು ಉತ್ತರ ಸಿಕ್ಕ ಕೂಡಲೇ ಊರಿಗೆ ಮೂರನೆಯದನ್ನು ಕಟ್ಟಲು ಜಾಗ ಸಿಗುತ್ತದೆ.

ಮಾತಾಡಿಕೊಳ್ಳಬೇಕಾದದ್ದು ಹೆಚ್ಚೇನಿಲ್ಲ. ಕೇಳಿದವರಿಗೆ ಇಬ್ಬರೂ ಒಂದೇ ಮಾತು ಹೇಳಬೇಕು. ಆ ಮಾತು ನಿಜವಾಗಿರಬೇಕು, ಚಿಕ್ಕದಾಗಿರಬೇಕು. ‘ಹೌದು, ನಾವಿಬ್ರೂ ಮಾತಾಡ್ತೀವಿ. ಅದಕ್ಕಿಂತ ಜಾಸ್ತಿ ಹೇಳೋಕೆ ಏನಿಲ್ಲ’ ಎಂಬಷ್ಟು ಸಾಕು. ಒಂದೂವರೆ ತಿಂಗಳ ಪರಿಚಯದಲ್ಲಿ ನಿಜವೂ ಅಷ್ಟೇ. ಎರಡನೇ ಸಲ ಕೇಳಿದರೂ ಅದೇ ಮಾತು, ಅದೇ ಧಾಟಿ. ಕ್ಲಾಸಿನಲ್ಲಿ ಹೆಸರು ಕೂಗಿದಾಗ ಮುಖ ಕೆಂಪಾಗುವುದನ್ನು ಯಾರೂ ತಡೆಯಲಾರರು. ಆದರೆ ತಿರುಗಿ ಜಗಳಕ್ಕೆ ನಿಂತರೆ ಮರುದಿನ ಹೇಳಿಕೊಳ್ಳಲು ಹೊಸ ಪ್ರಸಂಗ ಸಿಕ್ಕಂತಾಗುತ್ತದೆ.

‘ಅವನು ನಂಗೆ ಅಣ್ಣ ಇದ್ದ ಹಾಗೆ’ ಎಂಬ ಉತ್ತರ ಬಹಳ ಸುಲಭವಾಗಿ ಬಾಯಿಗೆ ಬರುತ್ತದೆ. ಅದನ್ನು ಹೇಳಬೇಡಿ. ಆ ಕ್ಷಣಕ್ಕೆ ಅದು ಕಾಪಾಡುತ್ತದೆ ಎನ್ನಿಸಬಹುದು. ತಿಂಗಳು ಕಳೆದ ಮೇಲೆ ನಿಜ ಹೊರಬಂದರೆ ಕೆಡುವುದು ಆ ಒಂದು ಮಾತಷ್ಟೇ ಅಲ್ಲ. ‘ಇದನ್ನೇ ಸುಳ್ಳು ಹೇಳಿದವಳು ಸಿನಿಮಾಕ್ಕೆ ಹೋಗಿಲ್ಲ ಅನ್ನೋದನ್ನ ಹೇಗೆ ನಂಬೋದು?’ ಎಂಬ ಪ್ರಶ್ನೆ ಏಳುತ್ತದೆ. ಊರು ಕಟ್ಟಿದ್ದೆಲ್ಲವೂ ಆಗ ನಿಜವೆನಿಸಿಬಿಡುತ್ತದೆ.

ಫೋಟೊದ ವಿಷಯ ಬೇರೆ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಯಾರು ಹಾಕಿದ್ದು, ಯಾವ ಗುಂಪು, ಯಾವ ದಿನ, ಎಷ್ಟು ಹೊತ್ತು ಎಂಬುದು ಅದರಲ್ಲಿ ಕಾಣಬೇಕು. ಆಮೇಲೆ ಹಾಕಿದವನಿಗೆ ಗುಂಪಿನಲ್ಲಲ್ಲ, ನೇರವಾಗಿ ಅವನೊಬ್ಬನಿಗೇ ಬರೆಯಿರಿ: ‘ನನ್ನನ್ನ ಕೇಳದೆ ಫೋಟೊ ಹಾಕಿದೀಯ. ಈಗಲೇ ಎಲ್ಲರಿಗೂ ಹೋಗೋ ಹಾಗೆ ಡಿಲೀಟ್ ಮಾಡು.’ ಅವನು ಕೇಳದಿದ್ದರೆ ಗುಂಪಿನ ಅಡ್ಮಿನ್‌ಗೆ ಹೇಳಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾವ ಸದಸ್ಯನ ಸಂದೇಶವನ್ನಾದರೂ ಎಲ್ಲರ ಫೋನಿನಿಂದ ಅಳಿಸುವ ಅಧಿಕಾರ ಅಡ್ಮಿನ್‌ಗೆ ಇದೆ, ಅದು ಹಲವು ಅಡ್ಮಿನ್‌ಗಳಿಗೇ ಗೊತ್ತಿರುವುದಿಲ್ಲ. ಅಷ್ಟರಲ್ಲಿ ಫಾರ್ವರ್ಡ್ ಆದದ್ದು, ಯಾರೋ ಉಳಿಸಿಕೊಂಡದ್ದು ಇದರಿಂದ ಹೋಗುವುದಿಲ್ಲ. ಆದರೂ ಮೊದಲ ಒಂದೆರಡು ಗಂಟೆಯಲ್ಲಿ ಮೂಲ ಅಳಿದುಹೋದರೆ ಹರಿಯುವ ದಾರಿ ಕಡಿಮೆಯಾಗುತ್ತದೆ.

ಮನೆಗೆ ಯಾರ ಬಾಯಿಂದ ಹೋಗಬೇಕು

ಗುಸುಗುಸು ಇಬ್ಬರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಹುಡುಗನಿಗೆ ಅದು ಬೆನ್ನು ತಟ್ಟುವ ಗೆಳೆಯರಾಗಿ, ಹೆಚ್ಚೆಂದರೆ ಅಪ್ಪನ ಗದರಿಕೆಯಾಗಿ ಬರುತ್ತದೆ. ಹುಡುಗಿಗೆ ಅದು ಕಾಲೇಜು ಬಿಡಿಸುವುದಾಗಿ, ಫೋನ್ ಕಿತ್ತುಕೊಳ್ಳುವುದಾಗಿ, ಆಷಾಢ ಕಳೆದ ಕೂಡಲೇ ಗಂಡು ನೋಡುವುದಾಗಿ ಬರಬಹುದು. ಆದ್ದರಿಂದ ಮನೆಗೆ ಯಾವಾಗ, ಯಾರಿಗೆ ಹೇಳಬೇಕು ಎಂಬ ತೀರ್ಮಾನ ಯಾರಿಗೆ ಹೆಚ್ಚು ನಷ್ಟವಿದೆಯೋ ಅವರದೇ ಆಗಿರಬೇಕು. ಹುಡುಗ ‘ನಾನೇ ನಿಮ್ಮಪ್ಪನ ಹತ್ರ ಬಂದು ಮಾತಾಡ್ತೀನಿ’ ಎಂದು ಹೊರಡುವುದು ಧೈರ್ಯದಂತೆ ಕಂಡರೂ ಈ ಹಂತದಲ್ಲಿ ಅದು ಆಗಬಾರದು. ಅವನು ಅಂಗಳಕ್ಕೆ ಬಂದು ನಿಂತ ಕೂಡಲೇ ಒಂದೂವರೆ ತಿಂಗಳ ಪರಿಚಯ ಮದುವೆಯ ಪ್ರಸ್ತಾಪವಾಗಿಬಿಡುತ್ತದೆ.

ನಮ್ಮ ಉದಾಹರಣೆಯ ಹುಡುಗಿಯ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪನ ಸಂಸಾರ ಇದೆ. ಕೊನೆಯ ಮಾತು ಅಪ್ಪನದು. ಆದರೆ ಅಪ್ಪ ಕಿವಿಗೊಡುವುದು ಅಮ್ಮನಿಗೆ, ಮತ್ತು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸೋದರಮಾವನಿಗೆ. ಹೇಳಬೇಕಾದದ್ದು ಅತಿ ಸಿಟ್ಟಿನವರಿಗೂ ಅಲ್ಲ, ಅತಿ ಮೃದುವಾದವರಿಗೂ ಅಲ್ಲ. ಸಿಟ್ಟಿನವರ ಹತ್ತಿರ ಮಾತಾಡಬಲ್ಲವರಿಗೆ ಹೇಳಬೇಕು. ಬುಧವಾರ ರಾತ್ರಿ ಊಟವಾದ ಮೇಲೆ, ಅಮ್ಮ ಒಬ್ಬಳೇ ಅಡುಗೆಮನೆಯಲ್ಲಿ ಇದ್ದಾಗ ಮಾತು ಹೀಗೆ ಸಾಗಬಹುದು:

‘ಅಮ್ಮ, ನಿಂಗೊಂದು ವಿಷಯ ಹೇಳ್ಬೇಕು. ಬೇರೆಯವರಿಂದ ಕೇಳೋದಕ್ಕೆ ಮುಂಚೆ ನಾನೇ ಹೇಳ್ತಿದೀನಿ.’

‘ಏನೇ ಅದು?’

‘ನಮ್ಮ ಕಾಲೇಜಲ್ಲಿ ಒಬ್ಬ ಹುಡುಗನ ಜೊತೆ ಮಾತಾಡ್ತೀನಿ. ನಿನ್ನೆ ಜ್ಯೂಸ್ ಅಂಗಡಿ ಹತ್ರ ನಿಂತಿದ್ವಿ, ಫ್ರೆಂಡೂ ಇದ್ಲು. ಯಾರೋ ಫೋಟೊ ತೆಗ್ದು ಗ್ರೂಪಿಗೆ ಹಾಕಿದಾರೆ. ನಾಳೆ ನಾಡಿದ್ದರಲ್ಲಿ ನಿಮ್ಮ ಕಿವಿಗೂ ಬೀಳುತ್ತೆ, ಇಲ್ಲದ್ದೂ ಸೇರ್ಕೊಂಡು ಬರುತ್ತೆ.’

‘ಲವ್ವಾ?’

‘ಇಷ್ಟ ಇದೆ. ಅದಕ್ಕಿಂತ ಮುಂದೆ ನಾವೇನೂ ಯೋಚ್ನೆ ಮಾಡಿಲ್ಲ. ನಂಗೆ ಡಿಗ್ರಿ ಮುಗೀಬೇಕು. ಅದೊಂದು ನಿಲ್ಲಿಸ್ಬೇಡಿ ಅಂತ ಕೇಳ್ಕೊಳ್ಳೋಕೆ ಬಂದೆ.’

ಈ ಮಾತಿನಲ್ಲಿ ಮೂರು ಸಂಗತಿ ಇವೆ. ಏನಾಯಿತು ಎಂಬುದು ನಡೆದಷ್ಟೇ ಇದೆ. ಮುಂದೆ ಏನು ಕೇಳಿಬರಬಹುದು ಎಂಬ ಮುನ್ಸೂಚನೆ ಇದೆ. ಕೊನೆಗೆ ಒಂದೇ ಒಂದು ಕೋರಿಕೆ ಇದೆ, ಅದೂ ಹುಡುಗನ ಬಗ್ಗೆ ಅಲ್ಲ, ಓದಿನ ಬಗ್ಗೆ. ‘ಅವನನ್ನ ಒಪ್ಪಿಕೊಳ್ಳಿ’ ಎಂದು ಕೇಳಿದ್ದರೆ ಅಮ್ಮ ಆ ರಾತ್ರಿಯೇ ಹೌದು ಅಥವಾ ಇಲ್ಲ ಎನ್ನಬೇಕಾಗುತ್ತಿತ್ತು, ಮತ್ತು ಉತ್ತರ ಇಲ್ಲ ಎಂದೇ ಬರುತ್ತಿತ್ತು.

ಅಮ್ಮ ಬೈಯುತ್ತಾಳೆ, ಅಳುತ್ತಾಳೆ, ಮಾತು ಬಿಡುತ್ತಾಳೆ. ಆ ರಾತ್ರಿ ಯಾವುದೂ ಸುಖಾಂತವಾಗುವುದಿಲ್ಲ. ಆದರೆ ಗುರುವಾರ ಸಂಜೆ ಚಿಕ್ಕಪ್ಪ ಬಾಗಿಲಲ್ಲಿ ನಿಂತು ‘ಅತ್ತಿಗೆ, ಗೊತ್ತಾಯ್ತಾ ನಿಮ್ಮ ಮಗಳ ವಿಷಯ?’ ಎಂದಾಗ ಅವಳಿಗೆ ‘ಗೊತ್ತು, ಅವಳೇ ಹೇಳಿದಾಳೆ’ ಎಂದು ಉತ್ತರಿಸಲು ಸಾಧ್ಯವಾಗುತ್ತದೆ. ತಾಯಿತಂದೆಯನ್ನು ಇಂಥ ಹೊತ್ತಿನಲ್ಲಿ ಸುಡುವುದು ಬಹಳ ಸಲ ಪ್ರೀತಿಯ ವಿಷಯಕ್ಕಿಂತ, ಊರಿಗೆಲ್ಲ ಗೊತ್ತಿದ್ದು ತಮಗೆ ಗೊತ್ತಿರಲಿಲ್ಲ ಎಂಬ ಅವಮಾನ. ನೀವೇ ಮೊದಲು ಹೇಳಿದರೆ ಆ ಒಂದು ಅವಮಾನವಾದರೂ ತಪ್ಪುತ್ತದೆ. ಸಿನಿಮಾದ ಮಾತು ಬಂದಾಗ ಅವಳು ಮಗಳ ಮಾತಿನೊಡನೆ ತಾಳೆ ನೋಡಬಹುದು, ಗೆಳತಿಯ ಅಮ್ಮನಿಗೆ ಫೋನ್ ಮಾಡಿ ಕೇಳಬಹುದು.

ಹೇಳಬಾರದ ಮನೆಗಳೂ ಇವೆ

ಮೇಲಿನ ಸಲಹೆಗೆ ಒಂದು ಮಿತಿ ಇದೆ, ಅದನ್ನು ಮರೆತರೆ ಜೀವಕ್ಕೇ ಅಪಾಯ. ಮನೆಯಲ್ಲಿ ಹಿಂದೆ ಇಂಥ ವಿಷಯಕ್ಕೆ ಯಾರನ್ನಾದರೂ ಹೊಡೆದು ಕೂಡಿಹಾಕಿದ್ದರೆ, ‘ಮರ್ಯಾದೆ ಹೋದ್ರೆ ಕಡಿದುಹಾಕ್ತೀನಿ’ ಎಂಬ ಮಾತು ಬಂದಿದ್ದರೆ, ಹುಡುಗ ಬೇರೆ ಜಾತಿ ಅಥವಾ ಧರ್ಮದವನಾಗಿದ್ದು ಮನೆಯ ಗಂಡಸರು ಗುಂಪು ಕಟ್ಟಿಕೊಂಡು ಅವನ ಮನೆ ಹುಡುಕುತ್ತಿದ್ದರೆ, ಒಬ್ಬಳೇ ಅಡುಗೆಮನೆಯಲ್ಲಿ ನಿಂತು ನಿಜ ಹೇಳುವುದು ಸರಿಯಾದ ದಾರಿಯಲ್ಲ. ಅಂಥ ಕಡೆ ಮೊದಲ ಕೆಲಸ ಮನೆಯ ಹೊರಗೆ ಒಬ್ಬರಿಗೆ ತಿಳಿಸಿಡುವುದು. ನಂಬಬಹುದಾದ ಮೇಡಂ ಇರಬಹುದು, ಬೇರೆ ಊರಿನ ಚಿಕ್ಕಮ್ಮ ಇರಬಹುದು, ಗೆಳತಿಯ ಮನೆ ಇರಬಹುದು. ‘ನಾಳೆ ನಾನು ಕಾಲೇಜಿಗೆ ಬರದಿದ್ದರೆ, ಫೋನ್ ತೆಗೆಯದಿದ್ದರೆ ವಿಚಾರಿಸಿ’ ಎಂದು ಅವರಿಗೆ ಹೇಳಿರಬೇಕು. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ ಅವರ ಹತ್ತಿರ ಇದ್ದರೆ ಒಳ್ಳೆಯದು.

ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181, ಹದಿನೆಂಟು ತುಂಬದವರಿಗೆ 1098. ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಕೊಟ್ಟ ತೀರ್ಪು ವಯಸ್ಕರಿಬ್ಬರ ಆಯ್ಕೆಗೆ ಕುಟುಂಬದ ಅಥವಾ ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದಿದೆ. ಬೆದರಿಕೆ ಇರುವ ಜೋಡಿಗಳಿಗೆ ರಕ್ಷಣೆ ಕೊಡುವುದು ಪೊಲೀಸರ ಹೊಣೆ ಎಂದೂ ಅದು ಸ್ಪಷ್ಟವಾಗಿ ಹೇಳಿದೆ. ಠಾಣೆಗೆ ಹೋಗುವಾಗ ಇದನ್ನು ತಿಳಿದು ಹೋಗುವುದಕ್ಕೂ ತಿಳಿಯದೆ ಹೋಗುವುದಕ್ಕೂ ವ್ಯತ್ಯಾಸವಿದೆ.

ವಯಸ್ಸಿನ ಮಾತೂ ಇಲ್ಲೇ ಬರಬೇಕು. ಪಿ.ಯು. ಓದುತ್ತಿರುವ, ಹದಿನೆಂಟು ತುಂಬದ ಹುಡುಗಿಯಾದರೆ ಕಾನೂನಿನ ಚಿತ್ರವೇ ಬೇರೆ. ಪೋಕ್ಸೊ ಕಾಯ್ದೆ ಹದಿನೆಂಟರೊಳಗಿನವರ ಒಪ್ಪಿಗೆಯನ್ನು ಒಪ್ಪಿಗೆ ಎಂದು ಪರಿಗಣಿಸುವುದಿಲ್ಲ. ಊರಿನ ಮಾತಿಗೆ ಹೆದರಿ ಇಬ್ಬರೂ ಎಲ್ಲಿಗೋ ಹೊರಟುಬಿಟ್ಟರೆ ಹುಡುಗನ ಮೇಲೆ ಅಪಹರಣದ ದೂರೂ ದಾಖಲಾಗಬಹುದು. ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ನಮ್ಮ ಉದಾಹರಣೆಯ ಕೊನೆಯ ವರ್ಷದ ಹುಡುಗನಿಗೆ ಇನ್ನೂ 20. ಅವಸರದಲ್ಲಿ ದೇವಸ್ಥಾನದಲ್ಲಿ ತಾಳಿ ಕಟ್ಟಿದರೂ ಅದು ಕಾನೂನಿಗೆ ಒಪ್ಪಿಗೆಯಾಗುವ ಮದುವೆಯಲ್ಲ.

ಗುಸುಗುಸು ಕಿರುಕುಳವಾಗುವ ಗೆರೆ

ಹಿಂದಿನ ಬೆಂಚಿನಿಂದ ಹೆಸರು ಕೂಗುವುದು ನೋವು ಕೊಡುತ್ತದೆ. ಆದರೆ ಅದು ನಾಲ್ಕು ದಿನ ಮೇವಿಲ್ಲದಿದ್ದರೆ ತಾನೇ ಸೊರಗುತ್ತದೆ. ಬೇರೆ ಕೆಲವು ಹಾಗೆ ಸೊರಗುವುದಿಲ್ಲ. ಒಬ್ಬ ದಿನವೂ ಹಿಂಬಾಲಿಸಿ ‘ಅವನ ಜೊತೆ ಬರ್ತೀಯ, ನನ್ನ ಜೊತೆ ಯಾಕಿಲ್ಲ?’ ಎನ್ನುವುದು, ಬೇಡವೆಂದರೂ ಮತ್ತೆ ಮತ್ತೆ ಸಂದೇಶ ಕಳಿಸುವುದು, ‘ನಿಮ್ಮಪ್ಪನಿಗೆ ಫೋಟೊ ಕಳಿಸ್ತೀನಿ, ಕಳಿಸಬಾರದಂದ್ರೆ ನಾನು ಹೇಳಿದ್ದು ಕೇಳು’ ಎನ್ನುವುದು, ಮುಖವನ್ನು ಅಶ್ಲೀಲ ಚಿತ್ರಕ್ಕೆ ಅಂಟಿಸುವುದು. ಇವು ಗಾಳಿಮಾತಲ್ಲ, ಅಪರಾಧ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೆಣ್ಣನ್ನು ಹಿಂಬಾಲಿಸಿ ಕಾಡುವುದು 78ನೇ ಕಲಮಿಗೆ, ಬೆದರಿಸುವುದು 351ನೇ ಕಲಮಿಗೆ ಬರುತ್ತದೆ.

ಬೆದರಿಸುವವನ ಕೈಯಲ್ಲಿ ಇರುವ ಆಯುಧ ಒಂದೇ: ಮನೆಗೆ ಗೊತ್ತಿಲ್ಲ ಎಂಬುದು. ಅಮ್ಮನಿಗೆ ಬುಧವಾರವೇ ಹೇಳಿದ ಹುಡುಗಿಯ ಮುಂದೆ ಆ ಆಯುಧ ಮೊಂಡಾಗುತ್ತದೆ. ಅವನು ಹೇಳಿದ್ದಕ್ಕೆ ಒಮ್ಮೆ ಮಣಿದರೆ ಬೇಡಿಕೆ ನಿಲ್ಲುವುದಿಲ್ಲ, ಹೆಚ್ಚುತ್ತದೆ. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು cybercrime.gov.in ತಾಣದಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ದೂರು ಕೊಡಬೇಕು. ಖಾಸಗಿ ಚಿತ್ರಗಳ ಬೆದರಿಕೆ ಇದ್ದರೆ StopNCII.org ಎಂಬ ಉಚಿತ ವ್ಯವಸ್ಥೆ ಇದೆ. ಅಲ್ಲಿ ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗುತ್ತದೆ. ಅದೇ ಚಿತ್ರ ಅಲ್ಲಿ ಬಂದರೆ ಅವರು ಗುರುತಿಸಿ ತಡೆಯಬಹುದು. ಆದರೆ ಇದು ಹದಿನೆಂಟು ದಾಟಿದವರಿಗೆ ಮಾತ್ರ, ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವುದನ್ನು ಇದು ನಿಲ್ಲಿಸಲಾರದು.

ಕಾಲೇಜಿನೊಳಗಿನ ಲೈಂಗಿಕ ಕಿರುಕುಳಕ್ಕೆ ಯು.ಜಿ.ಸಿ.ಯ 2015ರ ನಿಯಮಾವಳಿಯಂತೆ ಆಂತರಿಕ ದೂರು ಸಮಿತಿ ಇರಲೇಬೇಕು. ಘಟನೆಯಾದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬಹುದು. ಪ್ರಾಂಶುಪಾಲರು ಇಬ್ಬರ ಮನೆಯವರನ್ನೂ ಕರೆಸಿ ‘ನಿಮ್ಮ ಮಕ್ಕಳನ್ನ ನೋಡ್ಕೊಳ್ಳಿ’ ಎಂದು ಕಳಿಸುವ ಪದ್ಧತಿ ಹಲವೆಡೆ ಇದೆ. ಅದನ್ನು ತಪ್ಪಿಸಲು ದೂರಿನಲ್ಲಿ ಪ್ರೀತಿಯ ಕಥೆ ಬರೆಯದೆ, ಯಾರು, ಯಾವ ದಿನ, ಏನು ಮಾಡಿದರು ಎಂಬುದನ್ನು ಮಾತ್ರ ಬರೆದು ಸ್ಕ್ರೀನ್‌ಶಾಟ್ ಲಗತ್ತಿಸಬೇಕು. ದೂರು ಫೋಟೊ ಹರಡಿದವನ ಬಗ್ಗೆ, ಫೋಟೊದಲ್ಲಿ ಇದ್ದವರ ಬಗ್ಗೆ ಅಲ್ಲ.

ಊರು ಕೊಟ್ಟ ಹೆಸರು

ಇಷ್ಟೆಲ್ಲ ದಾಟಿದ ಮೇಲೂ ಒಂದು ಹಾನಿ ಕಣ್ಣಿಗೆ ಬೀಳದೆ ಉಳಿಯುತ್ತದೆ. ಗುಸುಗುಸು ಇಬ್ಬರನ್ನು ಒಂದು ಜೋಡಿ ಎಂದು ಘೋಷಿಸಿಬಿಟ್ಟಿರುತ್ತದೆ. ಒಟ್ಟಿಗೆ ಬೈಗುಳ ತಿಂದವರು ಒಟ್ಟಿಗೇ ಇರಬೇಕು ಎನ್ನಿಸತೊಡಗುತ್ತದೆ. ‘ನಿಂಗೋಸ್ಕರ ಇಷ್ಟೆಲ್ಲ ಅನುಭವಿಸಿದೆ’ ಎಂಬ ಮಾತು ಒಬ್ಬರ ಬಾಯಿಗೆ ಬರುತ್ತದೆ, ಇನ್ನೊಬ್ಬರಿಗೆ ಹಿಂದೆ ಸರಿಯಲು ಸಂಕೋಚವಾಗುತ್ತದೆ. ಅಥವಾ ಇದಕ್ಕೆ ಉಲ್ಟಾ, ಒಳ್ಳೆಯದಾಗಿ ಬೆಳೆಯಬಹುದಾಗಿದ್ದ ಸಂಬಂಧವನ್ನು ಹೆದರಿಕೆಗೆ ಮುರಿದು ವರ್ಷಗಟ್ಟಲೆ ಕೊರಗುತ್ತಾರೆ. ಎರಡರಲ್ಲೂ ತೀರ್ಮಾನ ಮಾಡಿದ್ದು ಬಸ್ಸಿನ ಕಿಟಕಿಯಿಂದ ಫೋಟೊ ತೆಗೆದವನೇ.

ನಮ್ಮ ಉದಾಹರಣೆಯ ಇಬ್ಬರಿಗೆ ಮಾಡಲು ಸಾಧ್ಯವಿದ್ದದ್ದು ಇದು. ಮುಂದಿನ ಕೆಲವು ವಾರ ಊರೊಳಗೆ ಒಟ್ಟಿಗೆ ನಿಲ್ಲುವುದಿಲ್ಲ, ಎದುರಾದರೆ ಮುಖ ತಿರುಗಿಸುವುದೂ ಇಲ್ಲ, ಸ್ಟೇಟಸ್‌ನಲ್ಲಿ ಹಾಡು ಹಾಕಿ ಊರಿಗೆ ಉತ್ತರ ಕೊಡುವುದಿಲ್ಲ. ಸೆಮಿಸ್ಟರ್ ಪರೀಕ್ಷೆ ಮುಗಿಯುವವರೆಗೆ ಸಂಬಂಧದ ಬಗ್ಗೆ ಯಾವ ತೀರ್ಮಾನವನ್ನೂ ಮಾಡುವುದಿಲ್ಲ ಎಂದು ಇಬ್ಬರೂ ಒಪ್ಪಿಕೊಳ್ಳುವುದು. ಪರೀಕ್ಷೆ ಮುಗಿದ ಮೇಲೆ ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಫೋಟೊ ಯಾರೂ ತೆಗೆದೇ ಇರದಿದ್ದರೆ ಇಂದು ನಾವು ಒಬ್ಬರಿಗೊಬ್ಬರು ಏನಾಗಿರುತ್ತಿದ್ದೆವು? ಉತ್ತರ ‘ಗೆಳೆಯರು’ ಎಂದಾಗಿದ್ದರೆ ಹಾಗೆಂದು ಹೇಳಿ ಬಿಡುಗಡೆ ಮಾಡಬೇಕು, ಯಾರೂ ಯಾರಿಗೂ ಋಣಿಯಲ್ಲ. ಉತ್ತರ ಅದಕ್ಕಿಂತ ಹೆಚ್ಚಿನದಾಗಿದ್ದರೆ, ಮನೆಯವರ ಮುಂದೆ ಮುಂದಿನ ಮಾತು ಎತ್ತುವ ದಿನವನ್ನು ಈ ಸಲ ಅವರಿಬ್ಬರೇ ಗೊತ್ತುಮಾಡಬೇಕು.